ಸಹಾಯ ಬೇಕು: ರಾಜಿ ಪತ್ರದಲ್ಲಿ ‘ಮಾತು ತಪ್ಪಿದರೆ’ ಎಂಬುದನ್ನು ಹೇಗೆ ಬರೆಯುವುದು?

ನಮ್ಮ ತಗಡಿನ ಮಾಡಿನ ನೀರು ಪಕ್ಕದ ಮನೆಯ ಗೋಡೆಗೆ ಬೀಳುತ್ತದೆಂದು ಎರಡು ಮಳೆಗಾಲ ಜಗಳವಾಯಿತು. ಇಬ್ಬರಿಗೂ ಬೇಕಾದ ನಿವೃತ್ತ ಮೇಷ್ಟ್ರು ರಾಜಿ ಮಾಡಿಸಿದ್ದಾರೆ. ಪತ್ರ ಬರೆಯುವ ಹೊಣೆ ನನ್ನದು.

ಮೊದಲು ‘ನೀರು ಬೀಳದಂತೆ ನೋಡಿಕೊಳ್ಳತಕ್ಕದ್ದು’ ಎಂದು ಬರೆದಿದ್ದೆ. ನೋಡಿಕೊಂಡರೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂದು ಕೇಳಿ ಮೇಷ್ಟ್ರು ಅದನ್ನು ಹೊಡೆದುಹಾಕಿದರು. ಈಗ ಹೀಗಿದೆ: ‘ಮೇ 31ರೊಳಗೆ ನನ್ನ ಖರ್ಚಿನಲ್ಲಿ ಮಾಡಿನ ಅಂಚಿಗೆ ನೀರಿನ ದೋಣಿ ಕಟ್ಟಿಸುತ್ತೇನೆ. ಮಳೆಗಾಲದಲ್ಲಿ ಪ್ರತಿ ಭಾನುವಾರ ಅದರ ಎಲೆ ತೆಗೆಯುತ್ತೇನೆ. ಅಕ್ಟೋಬರ್ ಮೊದಲ ವಾರ ಮೂವರೂ ಗೋಡೆಯನ್ನು ನೋಡುತ್ತೇವೆ. ಬದಲಾವಣೆಯನ್ನು ಬರೆದು ಇಬ್ಬರೂ ಸಹಿ ಹಾಕುವವರೆಗೆ ಹಳೆಯ ಮಾತೇ ನಡೆಯುತ್ತದೆ.’

ತಪ್ಪಿದರೆ 7 ದಿನದಲ್ಲಿ ಸರಿಪಡಿಸಬೇಕು, ಆಗದಿದ್ದರೆ ಮತ್ತೆ ಮೇಷ್ಟ್ರ ಬಳಿ ಹೋಗಬೇಕು ಎಂಬಲ್ಲಿಗೆ ಇಬ್ಬರೂ ಒಪ್ಪಿದ್ದೇವೆ. ಪಕ್ಕದವರು 10,000 ರೂಪಾಯಿ ದಂಡವನ್ನೂ ಸೇರಿಸಿ ಎನ್ನುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆ ಬರೆದ ಮೊತ್ತ ಬರೀ ಮಿತಿ, ಸಿಗುವುದು ಅದರೊಳಗಿನ ಸಮಂಜಸ ಪರಿಹಾರ.

ಹಾಗಾದರೆ ‘ಗೋಡೆ ದುರಸ್ತಿಯ ರಸೀದಿಯಲ್ಲಿರುವಷ್ಟು, 10,000 ಮೀರದಂತೆ ಕೊಡುತ್ತೇನೆ’ ಎಂದು ಬರೆದರೆ ಸಾಕೇ? ಗಾಳಿಮಳೆಗೆ ದೋಣಿಯೇ ಕಿತ್ತುಹೋದರೆ ಅದು ಮಾತು ತಪ್ಪಿದಂತಲ್ಲ ಎಂಬುದನ್ನು ಯಾವ ಪದಗಳಲ್ಲಿ ಬರೆಯಲಿ?