ಚಾಟ್‌ನಲ್ಲಿ ಬಿದ್ದ "ರೇಖಾ ಸೂಪರ್" ಅನ್ನೋದನ್ನ ನಾಲ್ಕು ಸಾಲು ಮಾಡೋದು ಹೇಗೆ?

ಹುಬ್ಬಳ್ಳಿ ಅಕೌಂಟ್ಸ್ ಕೇಳಿದ್ದು:
ನಮ್ಮ ಆಫೀಸಿನಲ್ಲಿ ಪ್ರತಿ ಶುಕ್ರವಾರ ಎಲ್ಲರಿಗೂ ಒಂದು ಮೆಚ್ಚುಗೆ ಪುಟ ಹೋಗುತ್ತದೆ. ವಾರವಿಡೀ ಚಾಟ್‌ನಲ್ಲಿ ಒಬ್ಬರಿಗೊಬ್ಬರು ಹೇಳಿದ ಒಳ್ಳೆ ಮಾತು ಹೆಕ್ಕಿ ನಾಲ್ಕು ಸಾಲು ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಈ ವಾರ ಸಿಕ್ಕಿದ್ದು ಇಷ್ಟೇ: "ರೇಖಾ ಸೂಪರ್!! ಬಚಾವಾದ್ವಿ." ನಾನು ಬರೆದದ್ದು: "ರೇಖಾ ಅವರ ಅಪಾರ ಕಾರ್ಯನಿಷ್ಠೆ ಹಾಗೂ ಸಮರ್ಪಣಾ ಮನೋಭಾವ ನಮಗೆಲ್ಲ ಮಾದರಿ. ಅವರಿಗೆ ಹೃತ್ಪೂರ್ವಕ ಅಭಿನಂದನೆಗಳು." ಕರಡು ನೋಡಿದವರು ನಕ್ಕರು. ರೇಖಾ ಕೂಡ ನಕ್ಕರು. ಎಲ್ಲಿ ಎಡವಿದೆ ಹೇಳಿ.

ಶಿರಸಿ ಭಟ್ಟ:
ಇದಕ್ಕೆ ಶಾಲು, ಪೇಟ, ಫಲತಾಂಬೂಲ ಒಂದೇ ಬಾಕಿ. ನಾನು ಊರ ಸಂಘದ ಸನ್ಮಾನ ಪತ್ರ ಬರೆದು ಬರೆದು ಕೈ ಸವೆಸಿದವನು, ಅದಕ್ಕೇ ಹೇಳ್ತಿದೀನಿ, ನಿಮ್ಮ ಎರಡು ಸಾಲಿನಲ್ಲಿ ರೇಖಾ ಹೆಸರು ತೆಗೆದು ನಿವೃತ್ತ ಪೋಸ್ಟ್‌ಮ್ಯಾನ್ ಹೆಸರು ಹಾಕಿದರೂ ನಡೆಯುತ್ತದೆ. ಚಾಟ್‌ನಲ್ಲಿದ್ದ "ಬಚಾವಾದ್ವಿ" ಅನ್ನೋ ಮಾತೇ ಚೆನ್ನಾಗಿತ್ತು. ಅದರಲ್ಲಿ ಒಂದು ಉಸಿರು ಇತ್ತು. ನೀವು ಅದನ್ನೇ ಕಿತ್ತು ಹಾಕಿದ್ದೀರಿ.

ಮಂಡ್ಯದ ಹುಡುಗ:
ನನ್ನ ಅನುಭವದಲ್ಲಿ ಒಂದೇ ಸೂತ್ರ. ನಂಬರ್ ಹಾಕಿ. ನಂಬರ್ ಇದ್ದರೆ ಎಲ್ಲರೂ ನಂಬುತ್ತಾರೆ. "ರೇಖಾ ಅವರಿಂದ ಕಂಪನಿಗೆ ಇಷ್ಟು ಲಕ್ಷ ಉಳಿಯಿತು" ಅಂತ ಬರೆಯಿರಿ, ಮುಗೀತು.

ಹಳೇ ಎಚ್‌ಆರ್:
ಹುಬ್ಬಳ್ಳಿಯವರೇ, ಮೊದಲು ಇದನ್ನ ಹೇಳಿ. ರೇಖಾ ಏನು ಮಾಡಿದರು ಅಂತ ನಿಮಗೆ ಗೊತ್ತಾ? ಮಾತು ಬರೆದವರು ನೀವಲ್ಲ, ಬೇರೆ ಯಾರೋ. ನಾನು ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಶುರುವಿನಲ್ಲಿ ಗೊತ್ತಿಲ್ಲದ ಜಾಗದಲ್ಲೆಲ್ಲ "ಸಮರ್ಪಣೆ" ಅಂತ ತುಂಬುತ್ತಿದ್ದೆ. ದೊಡ್ಡ ಪದ ಬಂತು ಅಂದರೆ ಅಲ್ಲಿ ವಿಷಯ ಇಲ್ಲ ಅಂತಲೇ ಅರ್ಥ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹೊಗಳಿಕೆಯ ಸಾಲಿನಿಂದ ಚಾಟ್‌ನಲ್ಲಿ ಮೇಲಕ್ಕೆ ಹೋಗುತ್ತಾ ಹೋಗುತ್ತಾ, ಗಾಬರಿ ಶುರುವಾದ ಸಾಲು ಸಿಗುವ ತನಕ ಓದುವುದು. ಕಥೆ ಅಲ್ಲಿರುತ್ತೆ. ಅಷ್ಟಕ್ಕೂ ತಿಳಿಯದಿದ್ದರೆ ಹೊಗಳಿದವರ ಮೇಜಿಗೆ ಹೋಗಿ ಎರಡೇ ಪ್ರಶ್ನೆ: ಅವರು ಆ ಹೊತ್ತಿನಲ್ಲಿ ನೀವ್ಯಾರೂ ಮಾಡದೇ ಇದ್ದದ್ದು ಏನು ಮಾಡಿದರು? ಅವರು ಮಾಡದಿದ್ದರೆ ಮಾರನೇ ದಿನ ನಿಮ್ಮ ಪಾಡೇನಾಗುತ್ತಿತ್ತು?

"ರೇಖಾ ಹೇಗೆ?" ಅಂತ ಮಾತ್ರ ಕೇಳಬೇಡಿ. ಕೇಳಿದರೆ "ತುಂಬಾ ಒಳ್ಳೆಯವರು, ಹೆಲ್ಪಿಂಗ್ ನೇಚರ್" ಅಂತ ಬರುತ್ತದೆ. ಮತ್ತೆ ಸನ್ಮಾನ ಪತ್ರ.

ಹುಬ್ಬಳ್ಳಿ ಅಕೌಂಟ್ಸ್:
ನೀವು ಹೇಳಿದ ಹಾಗೆ ಮೇಲಕ್ಕೆ ಓದಿದೆ, ಹೋಗಿ ಕೇಳಿದೆ ಕೂಡ. ವಿಷಯ ಹೀಗಿದೆ. ನಮ್ಮಲ್ಲಿ 412 ಜನರ ಸಂಬಳ ಬ್ಯಾಂಕಿಗೆ ಒಂದೇ ಫೈಲಿನಲ್ಲಿ ಹೋಗುತ್ತದೆ. ಈ ಸಲ ಹೊಸಬರು 38 ಜನ, ಎಲ್ಲರದ್ದೂ 16 ಅಂಕಿಯ ಖಾತೆ ಸಂಖ್ಯೆ. ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಆ ಕಾಲಂ ಪೂರ್ತಿ `1.23457E+15` ಥರ ಕಾಣಿಸಿತು. ನಮ್ಮ ಹೊಸ ಹುಡುಗ ಅದನ್ನು ನಂಬರ್ ಫಾರ್ಮ್ಯಾಟ್‌ಗೆ ಬದಲಾಯಿಸಿದ, ನೋಡೋಕೆ ಸರಿಯಾಯಿತು, ಸೇವ್ ಮಾಡಿದ. ಮೊತ್ತ ತಾಳೆಯಾಯಿತು, ಜನರ ಲೆಕ್ಕ ತಾಳೆಯಾಯಿತು. ಇನ್ನೇನು ಅಪ್‌ಲೋಡ್ ಮಾಡಬೇಕು, ರೇಖಾ "ಒಂದು ನಿಮಿಷ, ಇವರೆಲ್ಲರ ಖಾತೆ ಸೊನ್ನೆಯಲ್ಲೇ ಮುಗಿಯುತ್ತಲ್ಲ?" ಅಂದರು. ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಂಡು ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಸೇವ್ ಆದ ಮೇಲೆ ಫಾರ್ಮ್ಯಾಟ್ ಬದಲಿಸಿದರೂ ಆ ಅಂಕಿ ವಾಪಸ್ ಬರಲ್ಲ. ಹಾಗಾಗಿ ರೇಖಾ ಆ 38 ಜನರ ಪಾಸ್‌ಬುಕ್ ಪ್ರತಿ ತೆಗೆದು, ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಮತ್ತೆ ಟೈಪ್ ಮಾಡಿದರು.

ಮಂಡ್ಯದ ಹುಡುಗ:
ನೋಡಿ, 38 ಜನರ ಸಂಬಳ! ಕೂಡಿಸಿ ಲಕ್ಷದಲ್ಲಿ ಹಾಕಿ.

ಹಳೇ ಎಚ್‌ಆರ್:
ಮಂಡ್ಯದವರೇ, ನಂಬರ್ ಬೇಕು ಅನ್ನೋದು ಸರಿ, ಆದರೆ ಯಾವ ನಂಬರ್ ಅನ್ನೋದು ಮುಖ್ಯ. ತಪ್ಪು ಖಾತೆ ಸಂಖ್ಯೆಗೆ ಹಾಕಿದ ದುಡ್ಡು ಬಹಳಷ್ಟು ಸಲ ವಾಪಸ್ ಬರುತ್ತದೆ, ಅಂಥ ಖಾತೆಯೇ ಇಲ್ಲ ಅಂತ. ಆಗ "ಇಷ್ಟು ಲಕ್ಷ ಉಳಿಸಿದರು" ಅನ್ನೋದು ಸುಳ್ಳಾಗುತ್ತದೆ, ಲೆಕ್ಕದವರೇ ಮೊದಲು ನಗುತ್ತಾರೆ. ಇಲ್ಲಿ ಗಟ್ಟಿಯಾಗಿ ಹೇಳಬಹುದಾದ್ದು 38 ಜನ ಮತ್ತು ಒಂದು ಸೊನ್ನೆ. 38 ಮಂದಿ ಹೊಸಬರಿಗೆ ಮೊದಲ ಸಂಬಳ ಆ ದಿನ ಬರುತ್ತಿರಲಿಲ್ಲ, ಅಷ್ಟೇ. ಮೊದಲ ಸಂಬಳಕ್ಕೆ ಕಾಯುವವರ ಮನೆ ನೆನಪಿಸಿಕೊಂಡರೆ ಅದೇನು ಸಣ್ಣದಲ್ಲ.

ಇನ್ನೊಂದು. ರೇಖಾ ಮಾಡಿದ್ದರಲ್ಲಿ ಯಾವುದು ದೊಡ್ಡದು ಅಂತ ನೀವು ತೀರ್ಮಾನಿಸಬೇಕು. ಟೈಪ್ ಯಾರು ಬೇಕಾದರೂ ಮಾಡುತ್ತಿದ್ದರು. ಮೊತ್ತ ತಾಳೆಯಾದ ಮೇಲೂ ಕಾಲಂ ಮೇಲೆ ಕಣ್ಣಾಡಿಸಿದ್ದು, ಸೊನ್ನೆಗಳು ಸಾಲುಗಟ್ಟಿದ್ದು ಕಂಡಿದ್ದು, ಎಲ್ಲರೂ ಅವಸರದಲ್ಲಿದ್ದಾಗ "ಒಂದು ನಿಮಿಷ" ಅಂದದ್ದು, ಅದು ಅವರದ್ದು. ಅದನ್ನೇ ಬರೆಯಿರಿ. ರಾತ್ರಿ ಎಷ್ಟು ಗಂಟೆವರೆಗೆ ಕೂತರು ಅಂತ ಬರೆಯಬೇಡಿ. ನಮ್ಮಲ್ಲಿ ಹಾಗೆ ಬರೆದು ಬರೆದು ತಡವಾಗಿ ಮನೆಗೆ ಹೋಗುವವರೇ ಒಳ್ಳೆಯವರು ಅಂತ ಆಗಿಹೋಗಿತ್ತು.

ಹೊಸ ಹುಡುಗನ ಪ್ರಸ್ತಾಪವೂ ಬೇಡ. ಹೆಸರು ಹಾಕದೆ "ಒಬ್ಬರು ತಪ್ಪಾಗಿ ಸೇವ್ ಮಾಡಿದ್ದ" ಅಂದರೂ ಆಫೀಸಿಗೆಲ್ಲ ಗೊತ್ತಾಗುತ್ತದೆ. ತಪ್ಪನ್ನು ಎಕ್ಸೆಲ್ ತಲೆಗೆ ಕಟ್ಟಿ. ನಿಜಕ್ಕೂ ಅದರದ್ದೇ ಅಲ್ವಾ.

ಕರಾವಳಿ ಸಿಸ್ಟರ್:
ಇದು ಆಫೀಸಿನ ವಿಷಯ, ಆದರೂ ನನ್ನದೊಂದು ಹೇಳುತ್ತೇನೆ. ನಾನು ನರ್ಸ್. ಒಂದು ಸಲ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು, ಒಬ್ಬರ ರಕ್ತದ ರಿಪೋರ್ಟ್ ಇನ್ನೊಬ್ಬರ ಫೈಲಿಗೆ ಹೋಗಿತ್ತು. ವಯಸ್ಸು ನೋಡಿ ನನಗೆ ಅನುಮಾನ ಬಂತು, ಹಿಡಿದೆ. ಡಾಕ್ಟರ್ ಗ್ರೂಪಿನಲ್ಲಿ "ವೆಲ್ ಡನ್ ಸಿಸ್ಟರ್" ಅಂತ ಹಾಕಿದರು. ಖುಷಿಯಾಯಿತು. ತಿಂಗಳ ಕೊನೆಗೆ ಅದೇ ಮಾತನ್ನು ಯಾರೋ ತಿದ್ದಿ ಬೋರ್ಡಿಗೆ ಅಂಟಿಸಿದರು: "ಸದಾ ನಗುಮುಖದಿಂದ ಸೇವೆ ಸಲ್ಲಿಸುವ ಸಿಸ್ಟರ್‌ಗೆ ಅಭಿನಂದನೆ." ಆ ದಿನ ನಾನು ನಕ್ಕೇ ಇರಲಿಲ್ಲ, ಕೈ ನಡುಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಎಲ್ಲೂ ಬರಲಿಲ್ಲ, ನಗು ಮಾತ್ರ ಬಂತು. ಹೆಂಗಸರ ಬಗ್ಗೆ ಬರೆಯುವಾಗ ಈ ನಗುಮುಖ, ತಾಳ್ಮೆ, ತಾಯಿಯಂತೆ ಅನ್ನೋದು ಎಲ್ಲಿಂದ ಬಂದು ಕೂರುತ್ತದೋ ಗೊತ್ತಿಲ್ಲ. ರೇಖಾ ಅವರಿಗೆ ಹಾಗೆ ಮಾಡಬೇಡಿ.

ತುಮಕೂರು ಎಕ್ಸ್‌ಪ್ರೆಸ್:
ನೇರವಾಗಿ ಹೇಳ್ತೀನಿ, ಇಂಥ ಪುಟಗಳಿಂದ ಏನೂ ಆಗಲ್ಲ. ರೇಖಾ ಅವರು ಇದನ್ನೆಲ್ಲ ಬರೆದಿಟ್ಟುಕೊಂಡು ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಮುಂದೆ ಇಡಲಿ, ಇನ್‌ಕ್ರಿಮೆಂಟ್ ಕೇಳಲಿ.

ಹುಬ್ಬಳ್ಳಿ ಅಕೌಂಟ್ಸ್:
ಸರ್, ನಾನು ಕೇಳಿದ್ದು ಸಂಬಳದ ವಿಷಯ ಅಲ್ಲ, ನಾಲ್ಕು ಸಾಲಿನ ವಿಷಯ. ಕೇಳಲಿ ಬಿಡಿ, ನನಗೂ ಖುಷಿಯೇ.

ಸಿಸ್ಟರ್ ಹೇಳಿದ್ದು ಓದಿ ಮತ್ತೆ ಬರೆದೆ. ಹೇಗಿದೆ?

"ಸಂಬಳದ ಫೈಲ್ ಎಲ್ಲ ತಾಳೆಯಾಗಿ ಅಪ್‌ಲೋಡ್ ಮಾಡುವ ಹೊತ್ತಿಗೆ ರೇಖಾ ಅವರು ಅತ್ಯಂತ ಜಾಗರೂಕತೆಯಿಂದ ಗಮನಿಸಿ, 38 ಹೊಸಬರ ಖಾತೆ ಸಂಖ್ಯೆ ಸೊನ್ನೆಯಲ್ಲಿ ಮುಗಿಯುತ್ತಿರುವುದನ್ನು ಪತ್ತೆ ಹಚ್ಚಿ, ಎಲ್ಲವನ್ನೂ ಪಾಸ್‌ಬುಕ್ ನೋಡಿ ಸರಿಪಡಿಸಿದರು. ಅವರು ಯಾವಾಗಲೂ ಹೀಗೆಯೇ."

ಶಿರಸಿ ಭಟ್ಟ:
ಶಾಲು ಜಾರಿದೆ, ಪೇಟ ಇನ್ನೂ ಇದೆ. "ಅತ್ಯಂತ ಜಾಗರೂಕತೆಯಿಂದ ಗಮನಿಸಿ" ತೆಗೆಯಿರಿ. 38 ಸೊನ್ನೆ ಕಂಡರು ಅಂದ ಮೇಲೆ ಜಾಗರೂಕತೆ ಅದರಲ್ಲೇ ಬಂತು. "ಯಾವಾಗಲೂ ಹೀಗೆಯೇ" ಕೂಡ ಬೇಡ. ನೀವೇನು ಯಾವಾಗಲೂ ನೋಡಿದ್ದೀರಾ? ಮತ್ತೆ ಇದನ್ನು ಹೇಳುತ್ತಿರುವವರು ಯಾರು? ಚಾಟ್‌ನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಹೇಳಿದ ಮಾತು ಅದು. ನಿಮ್ಮದು ಆಕಾಶವಾಣಿ ವಾರ್ತೆ ಆಗಿದೆ.

ಹಳೇ ಎಚ್‌ಆರ್:
ಭಟ್ಟರ ಕೊನೇ ಮಾತು ಸರಿ. ಹೊಗಳಿದವರ ಬಾಯಲ್ಲೇ, "ನಾನು", "ನೀವು" ಅಂತಲೇ ಬರಲಿ. ಕೆಳಗೆ ಅವರ ಹೆಸರು. ಹಾಕುವ ಮುಂಚೆ ಅವರಿಗೊಮ್ಮೆ ತೋರಿಸಿ, "ಇದನ್ನು ಕ್ಯಾಂಟೀನಿನಲ್ಲಿ ರೇಖಾ ಮುಂದೆ ನಿಂತು ಓದುತ್ತೀರಾ?" ಅಂತ ಕೇಳಿ. ಬಾಯಿಗೆ ಬರದ ಪದ ಅವರೇ ಹೊಡೆದು ಹಾಕುತ್ತಾರೆ. ಇದು ನನ್ನ ಹತ್ತಿರ ಒಮ್ಮೆಯೂ ತಪ್ಪಿಲ್ಲ.

ಪಾಸ್‌ಬುಕ್ ನೋಡಿ ಟೈಪ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ಇದ್ದರಾ, ಅದನ್ನೂ ಕೇಳಿ. 16 ಅಂಕಿಯ 38 ಸಂಖ್ಯೆ ಒಬ್ಬರೇ ನೋಡಿ ಒಬ್ಬರೇ ಹೊಡೆಯುವುದು ಕಡಿಮೆ. ಒಬ್ಬರನ್ನು ಹೊಗಳಿ ಪಕ್ಕದವರನ್ನು ಬಿಟ್ಟರೆ ಆ ಪುಟ ಹಾಕದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ನಾನು ಮಾಡಿದ್ದೇನೆ. ಆ ಪಕ್ಕದವರು ಎರಡು ವಾರ ನನ್ನ ಜೊತೆ ಟೀಗೆ ಬರಲಿಲ್ಲ.

ಮೌನಿ:
ನನ್ನಂಥವರನ್ನೂ ನೆನಪಿಡಿ. ಆಫೀಸಿಗೆಲ್ಲ ಹೋಗುವ ಪುಟದಲ್ಲಿ ಹೆಸರು ಬಂದರೆ ನನಗೆ ಹಿಂಸೆ. ಅದೇ ನಾಲ್ಕು ಸಾಲು ನನಗೊಬ್ಬಳಿಗೇ ಕಳಿಸಿದರೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇನೆ.

ಶಿರಸಿ ಭಟ್ಟ:
ಹಾಗಾದರೆ ಎಲ್ಲರನ್ನೂ ಕೇಳಿ ಕೇಳಿ ಹೊಗಳಬೇಕಾ? ಕೇಳಿ ಹೊಗಳಿದರೆ ಅದರ ರುಚಿ ಹೋಗಲ್ವಾ?

ಮೌನಿ:
ನಿಮ್ಮ ರುಚಿ ಹೋಗುತ್ತದೆ, ನನ್ನ ನಿದ್ದೆ ಉಳಿಯುತ್ತದೆ.

ಹಳೇ ಎಚ್‌ಆರ್:
ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಹೊಸಬರನ್ನು ಕೇಳುತ್ತಿದ್ದೆ, ಹಳಬರನ್ನು ಕೇಳುತ್ತಿರಲಿಲ್ಲ. ಮತ್ತೆ ಹುಬ್ಬಳ್ಳಿಯವರೇ, ಚಾಟ್‌ನ ಪ್ರತಿ "ಥ್ಯಾಂಕ್ಸ್" ಅನ್ನೂ ಎಳೆದು ನಾಲ್ಕು ಸಾಲು ಮಾಡಲು ಹೋಗಬೇಡಿ. ಪ್ರಿಂಟರ್‌ಗೆ ಪೇಪರ್ ಹಾಕಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ದರೆ ಅದು ಅಲ್ಲೇ ಇರಲಿ. ಒಂದು ವಾರ ಏನೂ ಸಿಗದಿದ್ದರೆ ಪುಟ ಖಾಲಿ ಬಿಟ್ಟರೂ ತಪ್ಪಿಲ್ಲ. ನಮ್ಮಲ್ಲಿ ಬಿಡಲು ಒಪ್ಪಲಿಲ್ಲ, ವಾರಕ್ಕೆ ಐದು ಬೇಕು ಅಂದರು. ಅಲ್ಲಿಂದಲೇ ಸನ್ಮಾನ ಪತ್ರ ಶುರುವಾದದ್ದು.

ಹುಬ್ಬಳ್ಳಿ ಅಕೌಂಟ್ಸ್:
ಶುಕ್ರವಾರ ಹೋದದ್ದು ಇದು. ಚಾಟ್‌ನಲ್ಲಿ ಬರೆದಿದ್ದ ನಮ್ಮ ಸೀನಿಯರ್ ಓದಿ, ಎರಡು ಪದ ಹೊಡೆದು, ಹೆಸರು ಹಾಕಿದರು.

"ರೇಖಾ, ಬಚಾವಾದ್ವಿ ಅಂತ ಅವತ್ತು ಸುಮ್ನೆ ಹೇಳಿದ್ದಲ್ಲ. ಮೊತ್ತ ತಾಳೆಯಾಗಿತ್ತು, ನನ್ನ ಕೈ ಅಪ್‌ಲೋಡ್ ಬಟನ್ ಮೇಲಿತ್ತು. ನೀವು 'ಒಂದು ನಿಮಿಷ' ಅಂದಿದ್ದಕ್ಕೆ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ನೋಡಿದರೆ 38 ಹೊಸಬರ ಖಾತೆಯೂ ಸೊನ್ನೆಯಲ್ಲಿ ಮುಗಿದಿತ್ತು, ಎಕ್ಸೆಲ್ ಕೊನೆಯ ಅಂಕಿ ನುಂಗಿತ್ತು. ನೀವು ಟೈಪ್ ಮಾಡಿದಿರಿ, ಇಮ್ರಾನ್ ಪಾಸ್‌ಬುಕ್ ಹಿಡಿದು ಒಂದೊಂದೇ ಅಂಕಿ ಓದಿದರು. ಅವರಿಗೆಲ್ಲ ಮೊದಲ ಸಂಬಳ ಅವತ್ತೇ ಹೋಯಿತು."

ಹೌದು, ಪಕ್ಕದಲ್ಲಿ ಇಮ್ರಾನ್ ಇದ್ದರು. ಕೇಳದಿದ್ದರೆ ಬಿಟ್ಟೇಹೋಗುತ್ತಿತ್ತು.

ಮಧ್ಯಾಹ್ನ ರೇಖಾ ನನ್ನ ಮೇಜಿನ ಹತ್ತಿರ ಬಂದರು. ಈ ಸಲ ನಗಲಿಲ್ಲ. "38 ಅಲ್ಲ, 37" ಅಂದರು. "ಒಬ್ಬರದ್ದು ನಿಜವಾಗಿಯೂ ಸೊನ್ನೆಯಲ್ಲೇ ಮುಗಿಯುತ್ತೆ. ಇಮ್ರಾನ್ ಅದನ್ನ ಮೂರು ಸಲ ಓದಿದ, ನಾನೇ ನಂಬಲಿಲ್ಲ." ಮುಂದಿನ ಶುಕ್ರವಾರ ತಿದ್ದುಪಡಿ ಹಾಕಬೇಕಾ, ಬಿಡಬೇಕಾ ಅಂತ ಯೋಚಿಸುತ್ತಿದ್ದೇನೆ.

ಶಿರಸಿ ಭಟ್ಟ:
ಹಾಕಿ. ಇಮ್ರಾನ್ ಹೆಸರಿನಲ್ಲಿ, ರೇಖಾ ಬಾಯಲ್ಲಿ.