60 ಪರ್ಸೆಂಟ್ ಶಾಟ್‌ಗೂ ನೂರಕ್ಕೂ ನ್ಯೂಟ್ರಲ್ ಕರೆಂಟ್ ಹೊಂದುತ್ತಿಲ್ಲ, ಸಹಿ ಹಾಕಬಹುದೇ?

ಸುಷ್ಮಾ, ಠಾಣೆ: ಪುಣೆ ಹತ್ತಿರದ ಒಂದು ಕಾರ್ಖಾನೆಗೆ ಗ್ರಾಹಕರ ಕಡೆಯಿಂದ ಟೆಸ್ಟ್ ನೋಡಲು ಬಂದಿದ್ದೇನೆ. 132/33 ಕೆವಿ, 50 ಎಂವಿಎ ಟ್ರಾನ್ಸ್‌ಫಾರ್ಮರ್, ಎಚ್‌ವಿ ಇಂಪಲ್ಸ್ 650 ಕೆವಿ. ಬಿ ಫೇಸ್‌ನಲ್ಲಿ 390 ಕೆವಿ ಶಾಟ್‌ನ ನ್ಯೂಟ್ರಲ್ ಕರೆಂಟನ್ನು 650ರದರ ಮೇಲೆ ಅಳತೆ ಸರಿಹೊಂದಿಸಿ ಇಟ್ಟರೆ ಮಧ್ಯದಲ್ಲಿ ಬೇರೆಯಾಗುತ್ತದೆ. ವೋಲ್ಟೇಜ್ ಗೆರೆ ಮಾತ್ರ ಹೊಂದುತ್ತದೆ. ಆರ್ ಮತ್ತು ವೈ ಫೇಸ್‌ಗಳಲ್ಲಿ ಈ ತಕರಾರು ಇಲ್ಲ. 'ಇಷ್ಟು ವ್ಯತ್ಯಾಸ ಮಾಮೂಲಿ, ಇಂಡ್ಯೂಸ್ಡ್ ಟೆಸ್ಟ್‌ಗೆ ಹೋಗೋಣ' ಅನ್ನುತ್ತಿದ್ದಾರೆ. ಏನು ಮಾಡಲಿ?

ಬಸವರಾಜ, ಪಿಂಪ್ರಿ: ಮೇಡಂ, ವೋಲ್ಟೇಜ್ ಗೆರಿ ಕೂಡೇದ ಅಂದ್ರ ಚಿಂತಿ ಯಾಕ್ರೀ? ಒಳಗ ಏನರ ಹೋಗಿದ್ರ ನಾಳೆ ಇಂಡ್ಯೂಸ್ಡ್‌ನ್ಯಾಗ ಹೊರಗ ಬೀಳ್ತದ. ಅದಕ್ಕs ಅದನ್ನ ಕಡೀಕ ಇಟ್ಟಾರ.

ರಾಮಚಂದ್ರ, ಡೊಂಬಿವಿಲಿ (ನಿವೃತ್ತ, ಎಚ್‌ವಿ ಲ್ಯಾಬ್): ಬಸವರಾಜರೇ, ಕೊನೆಗೆ ಇಟ್ಟ ಕಾರಣ ನೀವು ಹೇಳಿದ್ದೇ. ಆದರೆ ಅದೊಂದನ್ನೇ ನಂಬಿ ಕೂರಲಾಗದು. ಇಂಡ್ಯೂಸ್ಡ್‌ನಲ್ಲಿ ವೋಲ್ಟೇಜ್ ಸುತ್ತುಗಳಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ. ಸುತ್ತಿಗೆ 100 ವೋಲ್ಟ್ ಇದ್ದರೆ ದುಪ್ಪಟ್ಟಿನಲ್ಲಿ 200, ಅಷ್ಟೇ. ಇಂಪಲ್ಸ್ ಮಾತ್ರ ಲೈನ್ ಕಡೆಯ ಮೊದಲ ಕೆಲವು ಡಿಸ್ಕ್‌ಗಳ ಮೇಲೆ ಕಿಲೋವೋಲ್ಟ್‌ಗಳಲ್ಲಿ ಬಂದು ಬೀಳುತ್ತದೆ. ಅಲ್ಲಿ ಕಾಗದದಲ್ಲಿ ಸೂಜಿಮೊನೆಯಷ್ಟು ತೂತಾದರೂ ಅದರಲ್ಲಿ ಎಣ್ಣೆ ತುಂಬಿಕೊಂಡರೆ 200 ವೋಲ್ಟ್ ತಡೆದೀತು. ಪಾರ್ಷಿಯಲ್ ಡಿಸ್‌ಚಾರ್ಜ್ ಅಳತೆಯಲ್ಲಿ ಸಿಕ್ಕಿಬೀಳಬಹುದು, ಬೀಳದೆಯೂ ಇರಬಹುದು. ಇನ್ನು ವೋಲ್ಟೇಜ್ ಗೆರೆ: ನೂರಾರು ಸುತ್ತುಗಳಲ್ಲಿ ಒಂದೆರಡು ಹೋದರೆ ಅದರಲ್ಲಿ ಕಾಣಿಸುವುದೇ ಕಷ್ಟ. ಕರೆಂಟ್ ನೋಡುವುದು ಅದಕ್ಕೇ.

ಸುಷ್ಮಾ ಅವರೇ, ಮೂರು ವಿಷಯ ಹೇಳಿ. ಗೆರೆ ಬೇರೆಯಾಗುವುದು ಯಾವ ಹೊತ್ತಿಗೆ? ಥಟ್ಟನೆ ಮೆಟ್ಟಿಲಿನಂತೆಯೋ, ನಿಧಾನವಾಗಿಯೋ? ಪೂರ್ತಿ ವೋಲ್ಟೇಜಿನ ಶಾಟ್‌ಗಳು ತಮ್ಮತಮ್ಮಲ್ಲಿ ಹೊಂದುತ್ತವೆಯೇ?

ಸುಷ್ಮಾ: ಸುಮಾರು 18 ಮೈಕ್ರೋಸೆಕೆಂಡ್ ಆದಮೇಲೆ. ನಿಧಾನವಾಗಿ, ಹೊಟ್ಟೆ ಉಬ್ಬಿದ ಹಾಗೆ. ನೂರರ ಎರಡು ಶಾಟ್ ಆಗಿವೆ, ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಮೂರನೆಯದು ಬಾಕಿ. ಬಿ ಫೇಸನ್ನು ಕನಿಷ್ಠ ಟ್ಯಾಪ್‌ನಲ್ಲಿ ಹೊಡೆದದ್ದು, ಉಳಿದ ಎರಡು ಬೇರೆ ಟ್ಯಾಪ್‌ಗಳಲ್ಲಿ.

ಮನೋಹರ, ವೆರ್ಣಾ, ಗೋವಾ: ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಫ್ಯಾಕ್ಟರಿಯ 11 ಕೆವಿ ಟ್ರಾನ್ಸ್‌ಫಾರ್ಮರ್‌ಗೆ ಇಂಡ್ಯೂಸ್ಡ್ ಟೆಸ್ಟನ್ನು 30 ಸೆಕೆಂಡಿಗೇ ಮುಗಿಸಿದರು. ಒಂದು ನಿಮಿಷ ಇರಬೇಕಲ್ಲವೇ? ಇಂಪಲ್ಸನ್ನಂತೂ ಮಾಡಲೇ ಇಲ್ಲ. ನಮಗೂ ಮೋಸ ಆಯಿತಾ?

ರಾಮಚಂದ್ರ: ಮನೋಹರ, 200 ಹರ್ಟ್ಸ್‌ನಲ್ಲಿ ಮಾಡಿದ್ದರೆ 30 ಸೆಕೆಂಡೇ ಸರಿ. 50 ಹರ್ಟ್ಸ್‌ನಲ್ಲೇ ದುಪ್ಪಟ್ಟು ವೋಲ್ಟೇಜ್ ಕೊಟ್ಟರೆ ಕೋರ್ ಸ್ಯಾಚುರೇಟ್ ಆಗುತ್ತದೆ, ಅದಕ್ಕೆ ಫ್ರೀಕ್ವೆನ್ಸಿ ಏರಿಸುತ್ತಾರೆ. 100 ಹರ್ಟ್ಸ್‌ವರೆಗೆ ಒಂದು ನಿಮಿಷ, ಅಲ್ಲಿಂದ ಮೇಲೆ ಅದೇ ಲೆಕ್ಕದಲ್ಲಿ ಸಮಯ ಇಳಿಯುತ್ತದೆ, 15 ಸೆಕೆಂಡಿಗಿಂತ ಕಡಿಮೆ ಮಾತ್ರ ಆಗಬಾರದು. ಇಂಪಲ್ಸ್ 72.5 ಕೆವಿಗಿಂತ ಮೇಲಿನವಕ್ಕೆ ರೂಟೀನ್. ನಿಮ್ಮದಕ್ಕೆ ಟೈಪ್ ಟೆಸ್ಟ್, ಅದೇ ಡಿಸೈನಿನ ಸರ್ಟಿಫಿಕೇಟ್ ಕೇಳಿ.

ಸುಷ್ಮಾ ಅವರೇ, ಸುತ್ತು ಒಡೆದಿದ್ದರೆ ಗೆರೆ ಒಂದು ಕ್ಷಣದಲ್ಲಿ ಹಾರುತ್ತದೆ, ಜೊತೆಗೆ ಸಣ್ಣ ಹಲ್ಲುಹಲ್ಲಾದ ಗಲಾಟೆ ಇರುತ್ತದೆ. ಮುಂದಿನ ಶಾಟ್‌ನಲ್ಲಿ ಸಾಮಾನ್ಯವಾಗಿ ಇನ್ನೂ ಬೇಗ, ಇನ್ನೂ ದೊಡ್ಡದಾಗಿ ಬರುತ್ತದೆ. ಜನರೇಟರಿನ ಗ್ಯಾಪ್ ಹಾರುವಾಗಿನ ಗದ್ದಲವಾದರೆ ಮೊದಲ ಒಂದೆರಡು ಮೈಕ್ರೋಸೆಕೆಂಡಿನಲ್ಲೇ ಮುಗಿದುಹೋಗುತ್ತದೆ. ನಿಮ್ಮದು ಎರಡೂ ಅಲ್ಲ. ಕನಿಷ್ಠ ಟ್ಯಾಪ್‌ನಲ್ಲಿ ಟ್ಯಾಪ್ ವೈಂಡಿಂಗ್ ಒಂದು ತುದಿ ಬಿಟ್ಟು ತೂಗಾಡುತ್ತದೆ, ಅಲ್ಲಿ ವೋಲ್ಟೇಜ್ ಜೋರಾಗಿ ಏರುತ್ತದೆ. ಅದನ್ನು ಹಿಡಿಯಲು ಜಿಂಕ್ ಆಕ್ಸೈಡ್ ವ್ಯಾರಿಸ್ಟರ್ ಹಾಕಿದ್ದರೆ 60 ಪರ್ಸೆಂಟಿನಲ್ಲಿ ಅದು ಸುಮ್ಮನಿರುತ್ತದೆ, ನೂರರಲ್ಲಿ ಕರೆಂಟ್ ಎಳೆಯುತ್ತದೆ. ನನ್ನ ಅನುಮಾನ ಅದರ ಮೇಲೆ. ಆದರೆ ಅನುಮಾನದ ಮೇಲೆ ಸಹಿ ಬೇಡ.

ಮೂರನೇ ಶಾಟ್ ಮುಗಿಸಿ, 75 ಮತ್ತು 90 ಪರ್ಸೆಂಟಿನಲ್ಲಿ ಒಂದೊಂದು ಕೇಳಿ. ಅಂದರೆ ಸುಮಾರು 490 ಮತ್ತು 585 ಕೆವಿ. ಉಬ್ಬು ಮೆಟ್ಟಿಲುಮೆಟ್ಟಿಲಾಗಿ ಬೆಳೆಯಬೇಕು. ಆಮೇಲೆ ಮತ್ತೆ 390. ಅದು ಮೊದಲ 390ರ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಕೂರದಿದ್ದರೆ ವ್ಯಾರಿಸ್ಟರಿನ ಮಾತು ಬಿದ್ದುಹೋಯಿತು, ಇಂಡ್ಯೂಸ್ಡ್‌ಗೆ ಹೋಗಲೇಬೇಡಿ.

ಬಸವರಾಜ: ಅಷ್ಟು ಶಾಟ್ ಹೊಡದ್ರ ಛೊಲೋ ಇದ್ದ ಇನ್ಸುಲೇಷನ್ನೂ ಹಾಳಾಗ್ತದಲ್ರೀ ಸರ?

ರಾಮಚಂದ್ರ: ಪೂರ್ತಿ ವೋಲ್ಟೇಜಿನದು ಹೆಚ್ಚಿಗೆ ಒಂದೂ ಇಲ್ಲವಲ್ಲ. ಅದಕ್ಕಿಂತ ಕೆಳಗಿನವುಗಳ ಬಗ್ಗೆ ನನಗೆ ಭಯವಿಲ್ಲ. ಈ ವಿಷಯದಲ್ಲಿ ತಯಾರಕರ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ.

ಸುಷ್ಮಾ: ಮೂರನೆಯದು ಹಿಂದಿನೆರಡರ ಹಾಗೇ ಬಂತು. 490, 585ರಲ್ಲಿ ಉಬ್ಬು ಕ್ರಮವಾಗಿ ಬೆಳೆಯಿತು, ಕೊನೆಯ 390 ಮೊದಲನೆಯದರ ಮೇಲೆ ಕೂತಿದೆ. ಡಿಸೈನ್‌ನವರು 'ವ್ಯಾರಿಸ್ಟರ್ ಇದೆ' ಅಂತ ಫೋನಲ್ಲಿ ಹೇಳಿದರು. ಆದರೆ ನಮಗೆ ಕೊಟ್ಟ ಡ್ರಾಯಿಂಗಿನಲ್ಲಿ ಅದು ಇಲ್ಲ.

ರಾಮಚಂದ್ರ: ಫೋನಿನ ಮಾತಿಗೆ ಬೆಲೆಯಿಲ್ಲ. ಅದು ಯಾವ ಟರ್ಮಿನಲ್‌ಗಳ ನಡುವೆ ಇದೆ ಎಂದು ತೋರಿಸಿ ಡ್ರಾಯಿಂಗ್ ತಿದ್ದಿ ಕೊಡಲಿ. ಎಲ್ಲ ಗೆರೆಗಳೂ ರಿಪೋರ್ಟಿನಲ್ಲಿ ಬರಲಿ. ಇಂಡ್ಯೂಸ್ಡ್‌ನಲ್ಲಿ ಒಂದು ಗಂಟೆಯ ಅಳತೆಗೆ 250 ಪಿಕೋಕೂಲಂಬ್ ಮಿತಿ ಇದೆಯಲ್ಲ, ಬಿ ಫೇಸ್ ಎಷ್ಟು ತೋರಿಸಿತು ಅಂತ ಇಲ್ಲಿ ಬರೆಯಿರಿ.