ತಾತನ ಲೆಕ್ಕದ ಪುಸ್ತಕದ ಫೋಟೋ: ಹೆಬ್ಬೆರಳು ಮುಚ್ಚಿದ ಸಾಲನ್ನು ಹೇಗೆ ಬರೆಯೋದು?

ಹಳೇಕಡತ: ತಾತನ 1952ರ ಲೆಕ್ಕದ ಪುಸ್ತಕ ಟೈಪ್ ಮಾಡುತ್ತಿದ್ದೇನೆ. ಪುಸ್ತಕವನ್ನು ಗೆದ್ದಲು ತಿಂದಿದೆ, ಚಿಕ್ಕಪ್ಪ ತೆಗೆದ ಫೋಟೋ ಮಾತ್ರ ಉಳಿದಿದೆ. ಮೂರನೇ ಸಾಲಿನಲ್ಲಿ ‘ಸೀ’ ಆದ ಮೇಲೆ ಅವರ ಹೆಬ್ಬೆರಳು, ಮೊತ್ತವೂ ಅದರಡಿಯಲ್ಲೇ. ಬೆಲ್ಲದ ಸಾಲಿನ ಮೇಲೆ ಮಡಿಕೆ. ಮೊತ್ತಗಳು ರೂಪಾಯಿ-ಆಣೆ-ಪೈ ಲೆಕ್ಕದಲ್ಲಿವೆ.

ಅಕ್ಕಿ 4-8-0
ಬೇಳೆ 1-6-0
ಸೀ…
ಬೆಲ್ಲ 0-12-6 (?)
ಒಟ್ಟು 9-2-6

ಮೈಸೂರು_ಮಂಜು: ಬೆರಳು ಅಳಿಸುವ ಆಪ್ ಇದೆಯಲ್ಲ, ಹಾಕಿ ನೋಡಿ.

ಶಾಸನಪ್ರಿಯೆ: ಬೇಡ ಮಂಜು ಅವರೇ. ಅದು ಬೆರಳಿನ ಮೇಲೆ ಕಾಗದದ ಬಣ್ಣ ಬಳಿಯುತ್ತದೆ, ಅಷ್ಟೇ. ಆಮೇಲೆ ನೋಡಿದವರು ಅಲ್ಲಿ ಏನೂ ಬರೆದಿರಲಿಲ್ಲ ಅಂದುಕೊಳ್ಳುತ್ತಾರೆ.

ಜಮಾಖರ್ಚು: ಕಳೆದರೆ ಆಯ್ತಲ್ಲ! ಕಾಣುವ ಮೂರೂ ಸೇರಿ 6-10-6. ಒಟ್ಟಿನಿಂದ ತೆಗೆದರೆ 2-8-0. ಆ ಬೆಲೆಗೆ ಸೀರೆ ಅಲ್ವಾ? ಸುಮ್ನೆ ತುಂಬಿಸಿಬಿಡಿ.

ಶಾಸನಪ್ರಿಯೆ: ಕಳೆಯುವ ಉಪಾಯ ಒಳ್ಳೆಯದೇ. ಆದರೆ ಅದು ಓದಿದ ಅಂಕಿಯಲ್ಲ, ಲೆಕ್ಕ ಹಾಕಿ ತೆಗೆದದ್ದು. ಬೆಲ್ಲದ ಪೈಗಳು ಕನ್ನಡ ಅಂಕಿಯಲ್ಲಿವೆಯೇ? ಮಡಿಕೆ ಬಾಲದ ಮೇಲೆ ಬಿದ್ದಿದ್ದರೆ ೬, ೯ ಎರಡೂ ಒಂದೇ ಥರ ಕಾಣುತ್ತವೆ. ಒಂಬತ್ತಾದರೆ ಬೆರಳಡಿಯ ಮೊತ್ತ 2-7-9.

ಹಳೇಕಡತ: ಹೌದು ಮೇಡಂ, ಕನ್ನಡ ಅಂಕಿಯೇ. ಇನ್ನೊಂದು ಗಮನಿಸಿದೆ. ಬೆರಳಿನ ಕೆಳಗೆ ಒಂದು ಒತ್ತಕ್ಷರ ಇಣುಕುತ್ತಿದೆ, ಣ ಒತ್ತಿನ ಹಾಗಿದೆ.

ಶಾಸನಪ್ರಿಯೆ: ಹಾಗಾದರೆ ಸೀರೆ, ಸೀಗೆಕಾಯಿ ಎರಡೂ ಅಲ್ಲ. ಸೀಮೆಎಣ್ಣೆ ಇರಬಹುದು. ಆದರೆ ಸೀಮೆಸುಣ್ಣಕ್ಕೂ ಅದೇ ಒತ್ತು, ಅದೂ ನಾಲ್ಕೇ ಅಕ್ಷರ. ಜಾಗ ಅಳೆದರೂ ಪ್ರಯೋಜನವಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

```
ಸೀ[ಬೆರಳು ಮುಚ್ಚಿದೆ: ಸುಮಾರು 3 ಅಕ್ಷರ, ಕೊನೆಯಲ್ಲಿ ಣ ಒತ್ತು?] [ಮೊತ್ತ ಕಾಣದು]
ಬೆಲ್ಲ 0-12-[ಮಡಿಕೆ: 6 ಅಥವಾ 9]
```

ಕಳೆದು ಬಂದದ್ದು, ನಿಮ್ಮ ಊಹೆ, ಎರಡನ್ನೂ ಅಡಿಟಿಪ್ಪಣಿಗೆ ಹಾಕಿ. ಸಾಲಿನೊಳಗೆ ಬೇಡ.

ಕೊಪ್ಪದವ: ನಮ್ಮ ಮನೆ ಕ್ರಯಪತ್ರದಲ್ಲೂ ಮಡಿಕೆಯಿಂದ ಚಕ್ಕುಬಂದಿಯ ಅರ್ಧ ಸಾಲು ಕಪ್ಪಾಗಿತ್ತು. ಟಾರ್ಚನ್ನು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ಓರೆಯಾಗಿ ಹಿಡಿದು ಫೋಟೋ ತೆಗೆದೆ. ನೆರಳು ಜರುಗಿದ ಕಡೆ ಅಕ್ಷರ ಸಿಕ್ಕಿತು. ಜರುಗದ ಕಡೆ ಶಾಯಿಯೇ ಉದುರಿತ್ತು. ಹಾಗೇ ಮಾಡಿ ನೋಡಿ.

ಹಳೇಕಡತ: ಮೂಲ ಪುಸ್ತಕವೇ ಇಲ್ಲವಲ್ಲ ಸರ್.

ಕೊಪ್ಪದವ: ಓ, ಅದನ್ನು ನೋಡಲಿಲ್ಲ. ಹಾಗಿದ್ರೆ ಮಡಿಕೆಯಲ್ಲಿ ಬರೀ ನೆರಳೋ, ಶಾಯಿ ಹೋಗಿದೆಯೋ ಗೊತ್ತಾಗಲ್ಲ. ‘ಅಳಿಸಿಹೋಗಿದೆ’ ಅಂತ ಬರೆಯಬೇಡಿ, ‘ಮಡಿಕೆಯಲ್ಲಿ ಕಾಣುತ್ತಿಲ್ಲ’ ಅನ್ನಿ.

ಜಮಾಖರ್ಚು: ಒಪ್ಪಿದೆ. ಆದರೂ 2-8-0 ಅಂತಲೇ ನನ್ನ ವಾದ. ರೂಪಾಯಿ ಲೆಕ್ಕದಲ್ಲಿ 2-7-9 ಬರೋದು ಅಪರೂಪ.

ಶಾಸನಪ್ರಿಯೆ: ತಾತ ಕೂಡಿದ್ದು ಸರಿಯಿದ್ದರೆ ತಾನೇ? ಮಡಿಕೆ ಇಲ್ಲದ ಬೇರೆ ಪುಟಗಳ ಒಟ್ಟು ತಾಳೆಯಾಗುತ್ತಾ, ಮೊದಲು ನೋಡಿ.

ಹಳೇಕಡತ: ಎರಡು ಪುಟ ನೋಡಿದೆ. ಒಂದು ತಾಳೆಯಾಯಿತು, ಇನ್ನೊಂದರಲ್ಲಿ ಒಂದಾಣೆ ಜಾಸ್ತಿ.